ಡಿಸ್ಕೌಂಟ್ ರೇಟ್ ಏರಿದರೆ ಇವತ್ತಿನ ಬೆಲೆ ಯಾಕೆ ಇಳಿಯುತ್ತೆ? ನನ್ನ ವಿದ್ಯಾರ್ಥಿಗೆ ಬರೆದ ಪತ್ರ, ಓದಿ ಹೇಳಿ

ಹುಬ್ಬಳ್ಳಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಕಾಂ ಮಕ್ಕಳಿಗೆ ಫೈನಾನ್ಸ್ ಹೇಳಿಕೊಡುತ್ತೇನೆ. ಲಕ್ಷ್ಮೇಶ್ವರದ ಕಡೆಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹುಡುಗ ಇದ್ದಾನೆ. ಅಕೌಂಟ್ಸ್‌ನಲ್ಲಿ ಚುರುಕು. ಪ್ರೆಸೆಂಟ್ ವ್ಯಾಲ್ಯೂ ಬಂದ ಕೂಡಲೇ ಗೊಂದಲಕ್ಕೆ ಬೀಳುತ್ತಾನೆ. ಟೆಸ್ಟ್‌ನಲ್ಲಿ ಪ್ರಶ್ನೆ ಸರಳವಾಗಿತ್ತು: 5 ವರ್ಷದ ನಂತರ ಬರುವ 1 ಲಕ್ಷ ರೂಪಾಯಿಯ ಇವತ್ತಿನ ಬೆಲೆ 8% ದರದಲ್ಲಿ ಎಷ್ಟು, 12% ದರದಲ್ಲಿ ಎಷ್ಟು? ಅವನು ಬರೆದದ್ದು 1,46,933 ಮತ್ತು 1,76,234. ಕೆಳಗೆ ಒಂದು ಸಾಲು ಬೇರೆ: "ದರ ಜಾಸ್ತಿ, ಆದ್ದರಿಂದ ಬೆಲೆಯೂ ಜಾಸ್ತಿ."

ಎಲ್ಲರ ಮುಂದೆ ಎದ್ದು ನಿಂತು ಕೇಳುವ ಹುಡುಗ ಅಲ್ಲ. ಅದಕ್ಕೇ ಪತ್ರ ಬರೆದಿದ್ದೇನೆ. ಕೊಡುವ ಮುಂಚೆ ಇಲ್ಲಿ ಹಾಕುತ್ತಿದ್ದೇನೆ. ಓದುವಾಗ ಎಲ್ಲಿ ತಡೆಯುತ್ತೆ ಅಂತ ದಯವಿಟ್ಟು ಹೇಳಿ.

ಪತ್ರ ಹೀಗಿದೆ:

ನಿನ್ನ ಉತ್ತರ ಪತ್ರಿಕೆ ನೋಡಿದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ನೀನು ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದೀಯ. ಇವತ್ತು 1 ಲಕ್ಷ ಬ್ಯಾಂಕಿಗೆ ಹಾಕಿದರೆ 5 ವರ್ಷಕ್ಕೆ ಎಷ್ಟಾಗುತ್ತೆ ಅಂತ ಕೇಳಿದ್ದರೆ ನಿನಗೆ ಪೂರ್ತಿ ಅಂಕ ಬರುತ್ತಿತ್ತು. ನಾನು ಕೇಳಿದ್ದು, 5 ವರ್ಷಕ್ಕೆ 1 ಲಕ್ಷ ಕೈಗೆ ಬರುವ ಒಂದು ಕಾಗದ ಇದ್ದರೆ, ಆ ಕಾಗದಕ್ಕೆ ಇವತ್ತು ಎಷ್ಟು ಕೊಡಬಹುದು ಅಂತ.

ಮೊದಲು ನಿನ್ನ ಉತ್ತರವನ್ನೇ ಪರೀಕ್ಷೆ ಮಾಡು. ಇವತ್ತು 1,76,234 ರೂಪಾಯಿ ಕೊಟ್ಟು, ಐದು ವರ್ಷ ಕಾದು, 1 ಲಕ್ಷ ತಗೊಂಡು ಬಂದೆ ಅಂತ ಮನೆಯಲ್ಲಿ ಹೇಳಿದರೆ ಅಪ್ಪ ಏನಂತಾರೆ? ಮುಂದೆ ಬರುವ ದುಡ್ಡಿಗಿಂತ ಇವತ್ತಿನ ಬೆಲೆ ದೊಡ್ಡದಾಗಿ ಬಂದರೆ, ದರ ಸೊನ್ನೆಗಿಂತ ಮೇಲೆ ಇರುವವರೆಗೆ, ಲೆಕ್ಕ ತಿರುಗಾ ಮುರುಗಾ ಆಗಿದೆ ಅಂತಲೇ ಅರ್ಥ. ಪರೀಕ್ಷೆಯಲ್ಲಿ ಇದೊಂದನ್ನು ನೋಡಿಕೊಂಡರೂ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಈಗ ಕಾಗದವನ್ನು ಮುಂದೆ ಇಟ್ಟುಕೋ. ಅದರ ಮೇಲೆ 1 ಲಕ್ಷ ಅಂತ ಬರೆದಾಗಿದೆ. ಬಡ್ಡಿ ಏರಲಿ, ಇಳಿಯಲಿ, ಆ ಅಂಕಿ ಕದಲೋದಿಲ್ಲ. ಬ್ಯಾಂಕಿನಲ್ಲಿ 8% ಸಿಗುತ್ತಿದೆ ಅಂದುಕೋ. ಇವತ್ತು 68,058 ರೂಪಾಯಿ ಬ್ಯಾಂಕಿಗೆ ಹಾಕಿದರೆ 5 ವರ್ಷಕ್ಕೆ ಅದೇ 1 ಲಕ್ಷ ಆಗುತ್ತೆ. ಹಾಗಾಗಿ ಕಾಗದಕ್ಕೆ 68,058ಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಾಗಿಲ್ಲ.

ನಾಳೆ ಬ್ಯಾಂಕಿನ ದರ 12% ಆಯಿತು. ಈಗ 1 ಲಕ್ಷ ತಲುಪಲು ಬ್ಯಾಂಕಿಗೆ 56,743 ಹಾಕಿದರೆ ಸಾಕು. ದುಡ್ಡು ಬೇಗ ಬೆಳೆಯೋದರಿಂದ ಕಡಿಮೆಯಿಂದ ಶುರು ಮಾಡಬಹುದು. ಹಳೆ ಬೆಲೆ 68,058 ಕೊಟ್ಟು ಕಾಗದ ತಗೊಂಡರೆ ಏನಾಗುತ್ತೆ? ಅದೇ ದುಡ್ಡು ಬ್ಯಾಂಕಿನಲ್ಲಿದ್ದರೆ 1,19,941 ಆಗುತ್ತಿತ್ತು. ಕಾಗದ ಕೊಡೋದು 1 ಲಕ್ಷ ಮಾತ್ರ. 19,941 ಕೈ ಬಿಟ್ಟು ಹೋಯಿತು. ಇದನ್ನು ತಿಳಿದವರು ಯಾರೂ 68,058 ಕೊಡೋದಿಲ್ಲ, ಬೆಲೆ 56,743ಕ್ಕೆ ಇಳಿದ ಮೇಲೆಯೇ ಮುಟ್ಟುತ್ತಾರೆ.

ನೀನು ಎಡವಿದ್ದು ಇಲ್ಲಿ ಅಂತ ನನಗನಿಸುತ್ತೆ. 12% ಅಂದ ಕೂಡಲೇ ಅದು ಕಾಗದ ಕೊಡುವ ಲಾಭ ಅಂದುಕೊಂಡೆ. ಅದು ಕಾಗದದ್ದಲ್ಲ. ಕಾಗದ ಬಿಟ್ಟು ಬೇರೆ ಕಡೆ ಹಾಕಿದರೆ ನಿನ್ನ ದುಡ್ಡು ಏನು ಗಳಿಸುತ್ತಿತ್ತೋ ಅದು. ಬೇರೆ ಕಡೆ ಜಾಸ್ತಿ ಸಿಕ್ಕಷ್ಟೂ ಈ ಕಾಗದದ ಮೇಲಿನ ಆಸೆ ಕಡಿಮೆ ಆಗುತ್ತೆ. ನಾಳೆ ಮಧ್ಯಾಹ್ನ ಸ್ಟಾಫ್ ರೂಮಿಗೆ ಬಾ, 10% ದರಕ್ಕೆ ನೀನೇ ಲೆಕ್ಕ ಮಾಡಿ ತೋರಿಸು. ಉತ್ತರ ಎರಡರ ನಡುವೆ ಬರಬೇಕು, ಲೆಕ್ಕ ಮಾಡುವ ಮುಂಚೆಯೇ ಅದು ಯಾಕೆ ಅಂತ ಯೋಚಿಸಿಕೊಂಡು ಬಾ.

ಪತ್ರ ಇಷ್ಟೇ.

ವಿದ್ಯಾನಗರ_ಅಕ್ಕ

ಮೇಡಂ, ಚೆನ್ನಾಗಿದೆ. ಕೊನೆಯ ಪ್ಯಾರಾ ಮೇಲಕ್ಕೆ ಬರಲಿ. "ಅದು ಕಾಗದದ್ದಲ್ಲ" ಅನ್ನೋ ಮಾತು ಓದಿದ ಮೇಲೆಯೇ ನನಗೆ ಮೊದಲಿನದು ಅರ್ಥ ಆಯಿತು.

ಸಪ್ತಾಪುರ_ಕೋಚಿಂಗ್

ಇಷ್ಟು ಉದ್ದ ಯಾಕೆ? ನಾವು ಧಾರವಾಡದಲ್ಲಿ ಬ್ಯಾಂಕ್ ಪರೀಕ್ಷೆಗೆ ಹೇಳಿಕೊಡುವಾಗ ಒಂದೇ ಮಾತು ಹೇಳೋದು. ಹಿಂದಕ್ಕೆ ಬರುವಾಗ ಭಾಗಿಸು, ಮುಂದಕ್ಕೆ ಹೋಗುವಾಗ ಗುಣಿಸು. ಭಾಗಿಸುವ ಸಂಖ್ಯೆ ದೊಡ್ಡದಾದರೆ ಉತ್ತರ ಚಿಕ್ಕದು. ಮುಗೀತು. ಹುಡುಗರಿಗೆ ಅಂಕ ಬೇಕು, ಕಥೆ ಅಲ್ಲ.

ಗದಗ_ಬಿಕಾಂ_ಹುಡುಗಿ

ಸರ್, ಕೋಚಿಂಗ್‌ನವರು ಹೇಳಿದ್ದು ನಮಗೂ ಹೇಳಿದ್ದಾರೆ. ಒಂದೇ ಮೊತ್ತ ಇದ್ದಾಗ ಸರಿ. ಆದರೆ ಪ್ರಶ್ನೆಯಲ್ಲಿ ಹಿಂದೆ ಮುಂದೆ ಎರಡೂ ಬಂದಾಗ ಯಾವುದು ಹಿಂದೆ ಅಂತಲೇ ಗೊತ್ತಾಗಲ್ಲ. ನಾನೂ ಐದನೇ ಸೆಮಿಸ್ಟರ್. ನನಗೆ ಮೇಡಂ ಪತ್ರದಲ್ಲಿ ಇಷ್ಟ ಆದದ್ದು 68,058ನ್ನು ತಿರುಗಿ 12%ಗೆ ಬೆಳೆಸಿ ತೋರಿಸಿದ್ದು. ನಮ್ಮ ಪುಸ್ತಕದಲ್ಲಿ ಉತ್ತರ ಬಂದ ಮೇಲೆ ಅಲ್ಲಿಗೇ ನಿಲ್ಲಿಸುತ್ತಾರೆ. ಆ ಬೆಲೆ ಕೊಟ್ಟವನಿಗೆ ಏನಾಯಿತು ಅಂತ ಯಾರೂ ಹೇಳಲ್ಲ.

ಗೋಕುಲ_ರಸ್ತೆ_ಎಂಜಿನಿಯರ್

ಪತ್ರದಲ್ಲಿ ಮುಖ್ಯ ಕಾರಣವೇ ಬಿಟ್ಟುಹೋಗಿದೆ ಅಲ್ವಾ? ಹಣದುಬ್ಬರ. ಬೆಲೆ ಏರುತ್ತೆ, ದುಡ್ಡಿನ ಕಿಮ್ಮತ್ತು ಇಳಿಯುತ್ತೆ. 5 ವರ್ಷ ಬಿಟ್ಟು 1 ಲಕ್ಷಕ್ಕೆ ಇವತ್ತಿನಷ್ಟು ಸಾಮಾನು ಬರಲ್ಲ. ಅದಕ್ಕೇ ಕಡಿಮೆ ಮಾಡಿ ಲೆಕ್ಕ ಹಾಕೋದು. ಇದನ್ನು ಹೇಳಿದ್ದರೆ ಹುಡುಗನಿಗೆ ಒಂದೇ ನಿಮಿಷದಲ್ಲಿ ಅರ್ಥ ಆಗುತ್ತಿತ್ತು. ಬ್ಯಾಂಕು, ಕಾಗದ ಎಲ್ಲ ಸುಮ್ನೆ ಸುತ್ತಿ ಬಳಸಿ ಹೇಳಿದ ಹಾಗಾಯಿತು.

ಸಿಎ_ಧಾರವಾಡ

ಎಂಜಿನಿಯರ್ ಅವರೇ, ಅರ್ಧ ಸರಿ. ಹಣದುಬ್ಬರ ಪೂರ್ತಿ ಸೊನ್ನೆ ಇರುವ ಊರು ಅಂತ ಒಂದು ಅಂದುಕೊಳ್ಳಿ. ಅಕ್ಕಿ ಬೆಲೆ ಹತ್ತು ವರ್ಷ ಹಾಗೇ ಇದೆ. ಅಲ್ಲಿ ಬ್ಯಾಂಕು 3% ಕೊಡುತ್ತಿದೆ. ಮುಂದಿನ ವರ್ಷ ಬರುವ 1 ಲಕ್ಷಕ್ಕೆ ನೀವು ಇವತ್ತು ಪೂರ್ತಿ 1 ಲಕ್ಷ ಕೊಡ್ತೀರಾ? ಕೊಡಲ್ಲ. 97,087 ಬ್ಯಾಂಕಿಗೆ ಹಾಕಿದರೆ ಅದೇ 1 ಲಕ್ಷ ಬರುತ್ತೆ. ಬೆಲೆ ಏರದಿದ್ದರೂ ಡಿಸ್ಕೌಂಟ್ ಇದ್ದೇ ಇದೆ. ಮೇಡಂ ಹಿಡಿದಿರೋದು ಮೂಲ ಕಾರಣ, ಬೇರೆ ಕಡೆ ಏನು ಸಿಗುತ್ತೆ ಅನ್ನೋದು.

ಹಣದುಬ್ಬರ ಒಳಗೆ ಬರೋದು ದರದ ಮೂಲಕ. ಬೆಲೆ ಏರುತ್ತಿರುವಾಗ ಸಾಲ ಕೊಡುವವರು ಜಾಸ್ತಿ ಬಡ್ಡಿ ಕೇಳುತ್ತಾರೆ, ಆ ದರ ನಮ್ಮ ಲೆಕ್ಕಕ್ಕೆ ಬರುತ್ತೆ. ಬ್ಯಾಂಕಿನ 8% ಅಂದಾಗ ಬೆಲೆ ಏರಿಕೆಯ ನಿರೀಕ್ಷೆ ಆಗಲೇ ಅದರೊಳಗೆ ಇದೆ.

ಇದನ್ನು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. ನನ್ನ ಹತ್ತಿರ ಪ್ರಾಜೆಕ್ಟ್ ರಿಪೋರ್ಟ್ ತರುವವರಲ್ಲಿ ಕೆಲವರು ಮುಂದಿನ ವರ್ಷಗಳ ಆದಾಯದಿಂದ ಮೊದಲು ಹಣದುಬ್ಬರ ಕಳೀತಾರೆ, ಆಮೇಲೆ ಬ್ಯಾಂಕಿನ ಪೂರ್ತಿ ದರದಲ್ಲಿ ಡಿಸ್ಕೌಂಟೂ ಮಾಡ್ತಾರೆ. ಒಂದೇ ಕಾರಣಕ್ಕೆ ಎರಡು ಸಲ ಕತ್ತರಿ. ಚೆನ್ನಾಗಿರುವ ಪ್ರಾಜೆಕ್ಟೂ ಆಗ ನಷ್ಟದ್ದಾಗಿ ಕಾಣುತ್ತೆ. ಬೆಲೆ ಏರಿಕೆ ಸೇರಿದ ಆದಾಯಕ್ಕೆ ಬೆಲೆ ಏರಿಕೆ ಸೇರಿದ ದರ. ಬೆಲೆ ಏರಿಕೆ ತೆಗೆದ ಆದಾಯಕ್ಕೆ ಅದನ್ನು ತೆಗೆದ ದರ. ಎರಡನ್ನೂ ಕಲಸಬಾರದು.

ಗೋಕುಲ_ರಸ್ತೆ_ಎಂಜಿನಿಯರ್

ಸೊನ್ನೆ ಹಣದುಬ್ಬರದ ಊರು ಎಲ್ಲಿದೆ ತೋರಿಸಿ ಸರ್. ಆದರೂ ಎರಡು ಸಲ ಕತ್ತರಿ ಅನ್ನೋದು ಒಪ್ಪಿದೆ. ಮನೆ ಬಾಡಿಗೆಯ ಲೆಕ್ಕ ನಾನು ಹಾಗೇ ಹಾಕುತ್ತಿದ್ದೆ.

ವಿದ್ಯಾನಗರ_ಅಕ್ಕ

ಮತ್ತೆ ಭರವಸೆ ಅನ್ನೋದು? ಸರಿಯಾಗಿ ಕೊಡೋ ಮನುಷ್ಯ 1 ಲಕ್ಷ ಕೊಡ್ತೀನಿ ಅನ್ನೋದಕ್ಕೂ ಕೈ ಎತ್ತುವ ಮನುಷ್ಯ ಅನ್ನೋದಕ್ಕೂ ಒಂದೇ ಬೆಲೆ ಇರಲ್ಲ ಅಲ್ವಾ?

ಹುಬ್ಬಳ್ಳಿ_ಟೀಚರ್

ಇರಲ್ಲ ಅಕ್ಕ. ಕೈ ಎತ್ತುವವನ ಕಾಗದಕ್ಕೆ ಜಾಸ್ತಿ ದರ ಹಾಕುತ್ತೇವೆ, ಬೆಲೆ ಇನ್ನೂ ಇಳಿಯುತ್ತೆ. ಆದರೆ ದರ ಎಷ್ಟು ಇರಬೇಕು ಅನ್ನೋದು ಒಂದು ಪ್ರಶ್ನೆ, ದರ ಏರಿದಾಗ ಬೆಲೆ ಯಾಕೆ ಇಳಿಯುತ್ತೆ ಅನ್ನೋದು ಇನ್ನೊಂದು. ಈ ಹುಡುಗ ಸಿಕ್ಕಿಬಿದ್ದಿರೋದು ಎರಡನೆಯದರಲ್ಲಿ. ಮೊದಲನೆಯದನ್ನೂ ಅದೇ ಪತ್ರದಲ್ಲಿ ಹಾಕಿದರೆ ಎರಡೂ ಹೋಗುತ್ತೆ ಅಂತ ಬಿಟ್ಟಿದ್ದೇನೆ.

ಅಣ್ಣಿಗೇರಿ_ತಮ್ಮ

ಮೇಡಂ, ನನಗೆ ಅರ್ಥ ಆಗಿದ್ದು ಸೊನ್ನೆ ಮತ್ತು ನೂರು ಹಾಕಿ ನೋಡಿದಾಗ. ದರ 0% ಅಂದರೆ ಮುಂದಿನ ವರ್ಷದ 1 ಲಕ್ಷಕ್ಕೆ ಇವತ್ತೂ 1 ಲಕ್ಷ. ದರ 100% ಅಂದರೆ ದುಡ್ಡು ವರ್ಷಕ್ಕೆ ಎರಡು ಪಟ್ಟು, ಹಾಗಾಗಿ 50,000 ಸಾಕು. ಏರುತ್ತಾ ಹೋದಂತೆ ಇಳಿಯಲೇಬೇಕು ಅಂತ ಕಣ್ಣಿಗೇ ಕಾಣುತ್ತೆ. ಫಾರ್ಮುಲಾ ಬೇಡವೇ ಬೇಡ.

ಹುಬ್ಬಳ್ಳಿ_ಟೀಚರ್

ಇದು ತುಂಬಾ ಚೆನ್ನಾಗಿದೆ. ಪತ್ರಕ್ಕೆ ಸೇರಿಸುತ್ತೇನೆ.

ಸಪ್ತಾಪುರ_ಕೋಚಿಂಗ್

ಸರಿ, ಅರ್ಥ ಎಲ್ಲ ಆಯಿತು. ಪರೀಕ್ಷೆ ಹಾಲ್‌ನಲ್ಲಿ ಬೇಕಾಗೋದು ಕ್ಯಾಲ್ಕುಲೇಟರ್ ಕೈ ಚಳಕ. ಆ ಹುಡುಗನಿಗೆ ಇದನ್ನೂ ಹೇಳಿ. ಅಂಗಡಿಯಲ್ಲಿ ಸಿಗುವ 12 ಅಂಕಿಯ ಸಾದಾ ಕ್ಯಾಲ್ಕುಲೇಟರ್ ಸಾಕು. 1 ಒತ್ತಿ, ÷ ಒತ್ತಿ, 1.08 ಒತ್ತಿ, ಆಮೇಲೆ = ಅನ್ನು ಐದು ಸಲ ಒತ್ತಬೇಕು. ಒಂದೊಂದು ಸಲಕ್ಕೂ 0.9259, 0.8573, 0.7938, 0.7350, 0.6806 ಅಂತ ಇಳೀತಾ ಹೋಗುತ್ತೆ. ಕೊನೆಯದನ್ನು 1 ಲಕ್ಷಕ್ಕೆ ಗುಣಿಸಿದರೆ ಉತ್ತರ.

1.12 ಹಾಕಿ ಅದೇ ಮಾಡಿದರೆ 0.8929ರಿಂದ ಶುರುವಾಗಿ 0.5674ಕ್ಕೆ ಬಂದು ನಿಲ್ಲುತ್ತೆ. ಪ್ರತಿ ಸಲ ಒತ್ತಿದಾಗಲೂ 1.08ರದ್ದಕ್ಕಿಂತ ಜಾಸ್ತಿ ಇಳಿಯೋದು ಕಣ್ಣ ಮುಂದೆಯೇ ಕಾಣುತ್ತೆ.

ಗದಗ_ಬಿಕಾಂ_ಹುಡುಗಿ

ಜಿಟಿ ಬಟನ್ ಮರೆತಿರಲ್ಲ ಸರ್! ಐದು ಸಲ = ಆದ ಮೇಲೆ ಜಿಟಿ ಒತ್ತಿದರೆ ಐದೂ ಸೇರಿಸಿ 3.9927 ಅಂತ ತೋರಿಸುತ್ತೆ. ಪ್ರತಿ ವರ್ಷ ಒಂದೇ ಮೊತ್ತ ಬರುವ ಲೆಕ್ಕಕ್ಕೆ ಅದೇ ಬೇಕಾದದ್ದು. 12%ಗೆ 3.6048 ಬರುತ್ತೆ.

ಆದರೆ ನನ್ನ ಪಕ್ಕದ ಗೆಳತಿಗೆ ಒಂದು ಸಲ 12%ಗೆ 7.5975 ಬಂದಿತ್ತು. ಇಬ್ಬರೂ ತಲೆ ಕೆಡಿಸಿಕೊಂಡೆವು. ಯಾಕೆ ಅಂತ ಆಮೇಲೆ ಗೊತ್ತಾಯಿತು. 8% ಲೆಕ್ಕ ಆದ ಮೇಲೆ ಜಿಟಿಯನ್ನು ಅಳಿಸಿರಲಿಲ್ಲ, ಹಳೆಯ 3.9927 ಅಲ್ಲೇ ಕೂತಿತ್ತು, ಹೊಸದು ಅದರ ಮೇಲೆ ಸೇರಿತು. ಪ್ರತಿ ಲೆಕ್ಕಕ್ಕೂ ಮುಂಚೆ ಎಸಿ ಒತ್ತಲೇಬೇಕು. ನಮ್ಮ ಲೆಕ್ಚರರ್ ಹೇಳಿದ ಗುರುತು: 5 ವರ್ಷದ ಮೊತ್ತ 5ಕ್ಕಿಂತ ಜಾಸ್ತಿ ಬರೋದಕ್ಕೆ ಸಾಧ್ಯವೇ ಇಲ್ಲ. ಒಂದೊಂದು ವರ್ಷದ್ದೂ 1ಕ್ಕಿಂತ ಕಡಿಮೆ, ಐದು ಸೇರಿ 5 ದಾಟೋದು ಹೇಗೆ?

ವಿದ್ಯಾನಗರ_ಅಕ್ಕ

ನನ್ನ ಮಗನ ಕ್ಯಾಲ್ಕುಲೇಟರ್‌ನಲ್ಲಿ ಹಾಗೆ ಬರಲ್ಲ. ಎರಡನೇ ಸಲ = ಒತ್ತಿದರೆ ಏನೂ ಬದಲಾಗಲ್ಲ.

ಸಪ್ತಾಪುರ_ಕೋಚಿಂಗ್

ಕೆಲವು ಕಂಪನಿಯದ್ದರಲ್ಲಿ 1.08 ಒತ್ತಿ, ÷ ಎರಡು ಸಲ ಒತ್ತಿ, ಆಮೇಲೆ 1 ಒತ್ತಿ = ಒತ್ತುತ್ತಾ ಹೋಗಬೇಕು ಅಕ್ಕಾವ್ರೇ. ಪರೀಕ್ಷೆಗೆ ಮುಂಚೆ ಮನೆಯಲ್ಲಿ ಒಂದು ಸಲ ನೋಡಿಕೊಳ್ಳಲಿ.

ಬ್ಯಾಡಗಿ_ಮೆಣಸಿನಕಾಯಿ

ಎಲ್ಲರಿಗೂ ನಮಸ್ಕಾರ್ರೀ. ನನಗೆ ಪರೀಕ್ಷೆ ವಿಷಯ ಗೊತ್ತಿಲ್ಲ. ಒಂದು ಅನುಮಾನ. ನಾವು ಬ್ಯಾಡಗಿಯಲ್ಲಿ ಕಡ್ಡಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದ್ದೇವೆ. ಬಡ್ಡಿ ದರ ಏರಿದರೆ ಬೆಲೆ ಇಳಿಯುತ್ತೆ ಅಂತ ಮೇಡಂ ಬರೆದಿದ್ದಾರೆ. ಹಾಗಾದರೆ ಬ್ಯಾಂಕಿನವರು ಬಡ್ಡಿ ಏರಿಸಿದರೆ ಮಾರ್ಕೆಟ್‌ನಲ್ಲಿ ನಮ್ಮ ಮೆಣಸಿನಕಾಯಿ ರೇಟ್ ಬೀಳುತ್ತಾ? ಈಗಲೇ ತೆಗೆದು ಮಾರಿಬಿಡೋದಾ?

ಸಿಎ_ಧಾರವಾಡ

ಅಣ್ಣಾವ್ರೇ, ಆ ಅರ್ಥದಲ್ಲಿ ಅಲ್ಲ. ಎಪಿಎಂಸಿ ಟೆಂಡರ್‌ನಲ್ಲಿ ರೇಟ್ ಬೀಳೋದು ಏಳೋದು ಆವಕ, ಬಣ್ಣ, ತೇವ, ಬೇಡಿಕೆ ನೋಡಿಕೊಂಡು. ಇಲ್ಲಿ ಮಾತಾಡುತ್ತಿರೋದು ಮುಂದೆ ಬರುವ ದುಡ್ಡಿಗೆ ನಿಮ್ಮ ಮಟ್ಟಿಗೆ ಇವತ್ತು ಎಷ್ಟು ಬೆಲೆ ಅನ್ನೋದು. ಆದರೆ ನಿಮ್ಮ ಪ್ರಶ್ನೆಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತೆ, ಲೆಕ್ಕ ಮಾಡಿ ತೋರಿಸ್ತೀನಿ. ಅಂಕಿಗಳು ನಾನು ಸುಮ್ನೆ ಇಟ್ಟುಕೊಂಡದ್ದು, ನಿಮ್ಮವನ್ನು ಹಾಕಿಕೊಳ್ಳಿ.

ಫೆಬ್ರವರಿಯಲ್ಲಿ ಮಾರಿದರೆ ಕ್ವಿಂಟಲ್‌ಗೆ 30,000 ಸಿಗುತ್ತೆ ಅಂದುಕೊಳ್ಳಿ. ಎಂಟು ತಿಂಗಳು ಇಟ್ಟು ಅಕ್ಟೋಬರ್‌ಗೆ ಮಾರಿದರೆ ಸ್ಟೋರೇಜ್ ಬಾಡಿಗೆ, ತೂಕ ಕಡಿಮೆಯಾಗೋದು, ಹಮಾಲಿ ಎಲ್ಲ ಕಳೆದು 33,000 ಕೈಗೆ ಬರುತ್ತೆ ಅನ್ನೋಣ. 3,000 ಲಾಭ ಅಂತ ಅನ್ನಿಸುತ್ತೆ. ಈಗ ನೀವು ಮಾಲಿನ ಮೇಲೆ ವರ್ಷಕ್ಕೆ 12% ಸಾಲ ತಗೊಂಡಿದ್ದರೆ ಎಂಟು ತಿಂಗಳಿಗೆ 8% ಆಯಿತು. 33,000ವನ್ನು 1.08ರಿಂದ ಭಾಗಿಸಿದರೆ 30,556. ಇವತ್ತಿನ 30,000ಕ್ಕಿಂತ ಸ್ವಲ್ಪ ಮೇಲೆ, ಇಡಬಹುದು. ಅದೇ ನೀವು ಕೈಸಾಲ ಮಾಡಿದ್ದು ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ, ಅಂದರೆ ವರ್ಷಕ್ಕೆ 18%, ಎಂಟು ತಿಂಗಳಿಗೆ 12%. 33,000ವನ್ನು 1.12ರಿಂದ ಭಾಗಿಸಿ. 29,464. ಇವತ್ತಿನ 30,000ಕ್ಕಿಂತ ಕಡಿಮೆ. ಅದೇ ಮೆಣಸಿನಕಾಯಿ, ಅದೇ ಅಕ್ಟೋಬರ್ ರೇಟ್. ಬದಲಾಗಿದ್ದು ನಿಮ್ಮ ಬಡ್ಡಿ ಮಾತ್ರ, ಮತ್ತು ಇಡೋದರ ಬದಲು ಮಾರೋದು ಲೇಸು ಅಂತಾಯಿತು.

ಬ್ಯಾಡಗಿ_ಮೆಣಸಿನಕಾಯಿ

ನಮ್ಮದು ಅರ್ಧ ಬ್ಯಾಂಕಿನ ಸಾಲ, ಅರ್ಧ ಕೈಸಾಲ. ಎರಡೂ ಬೇರೆ ಬೇರೆ ದರ. ಯಾವುದು ಹಿಡೀಬೇಕು?

ಸಿಎ_ಧಾರವಾಡ

ಮೊದಲು ತೀರಿಸುವ ಸಾಲದ ದರ ಹಿಡಿಯಿರಿ. ಇವತ್ತು ಒಂದು ಕ್ವಿಂಟಲ್ ಮಾರಿದರೆ ಆ ದುಡ್ಡಿನಿಂದ ಯಾವ ಸಾಲ ಮುಗಿಸ್ತೀರಿ? ಕೈಸಾಲ ಅಲ್ವಾ? ಹಾಗಾದರೆ ಕೈಸಾಲ ತೀರುವವರೆಗಿನ ಮಾಲಿಗೆ 18%. ಅದು ಮುಗಿದ ಮೇಲೆ ಉಳಿದ ಮಾಲಿಗೆ 12%. ಸ್ವಲ್ಪ ಮಾರಿ ಸ್ವಲ್ಪ ಇಡೋದೇ ನಿಮಗೆ ಸರಿ ಬರಬಹುದು.

ಹುಬ್ಬಳ್ಳಿ_ಟೀಚರ್

ಸಿಎ ಸರ್ ಲೆಕ್ಕ ಸರಿ, ಆದರೆ ಒಂದು ಎಚ್ಚರಿಕೆ ಸೇರಿಸಲೇಬೇಕು. ನನ್ನ ಪತ್ರದ 1 ಲಕ್ಷ ಬರೆದುಕೊಟ್ಟ ಮೊತ್ತ. ಅಣ್ಣಾವ್ರ 33,000 ಯಾರೂ ಬರೆದುಕೊಟ್ಟಿಲ್ಲ. ಅದು 27,000 ಆಗಬಹುದು, 40,000 ಆಗಬಹುದು. ಬೆಲೆ ಬೀಳುವ ಹೆದರಿಕೆಯನ್ನು ದರದಲ್ಲಿ ಸೇರಿಸೋದಾ, ಇಲ್ಲ 33,000ವನ್ನೇ ಕಡಿಮೆ ಹಿಡಿಯೋದಾ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ನಾನಾದರೆ ಮೊತ್ತವನ್ನೇ ಕಡಿಮೆ ಹಿಡೀತೀನಿ, ದರವನ್ನು ಸಾಲದ ದರಕ್ಕೇ ಬಿಡ್ತೀನಿ.

ಸಿಎ_ಧಾರವಾಡ

ನಾನು ದರದಲ್ಲೇ ಹಾಕ್ತೀನಿ ಮೇಡಂ. ಮೊತ್ತ ಎಷ್ಟು ಕಡಿಮೆ ಹಿಡೀಬೇಕು ಅಂತ ಯಾರಿಗೂ ಗೊತ್ತಿರಲ್ಲ.

ಹುಬ್ಬಳ್ಳಿ_ಟೀಚರ್

ದರ ಎಷ್ಟು ಏರಿಸಬೇಕು ಅಂತಲೂ ಯಾರಿಗೂ ಗೊತ್ತಿರಲ್ಲ ಸರ್. ದರದಲ್ಲಿ ಹಾಕಿದರೆ ದೂರದ ವರ್ಷಗಳ ದುಡ್ಡಿಗೆ ಏಟು ಇನ್ನೂ ಜಾಸ್ತಿ ಬೀಳುತ್ತೆ. ಎಂಟು ತಿಂಗಳ ಲೆಕ್ಕದಲ್ಲಿ ಅದು ಕಾಣಲ್ಲ, ಹತ್ತು ವರ್ಷದ್ದಕ್ಕೆ ಕಾಣುತ್ತೆ. ಹತ್ತು ವರ್ಷದ 1 ಲಕ್ಷ 8%ಗೆ 46,319, 12%ಗೆ 32,197. ನಿಜವಾಗಿ ಅಪಾಯ ಮೊದಲ ವರ್ಷದಲ್ಲಿ ಮಾತ್ರ ಇದ್ದರೂ ಹತ್ತನೇ ವರ್ಷದ ದುಡ್ಡನ್ನೂ ಕತ್ತರಿಸಿದ ಹಾಗಾಗುತ್ತೆ.

ಗೋಕುಲ_ರಸ್ತೆ_ಎಂಜಿನಿಯರ್

ಒಟ್ಟಿನಲ್ಲಿ ದರ ಏರಿದರೆ ಎಲ್ಲರಿಗೂ ನಷ್ಟ. ಅಷ್ಟು ಗೊತ್ತಾಯಿತು.

ಅಣ್ಣಿಗೇರಿ_ತಮ್ಮ

ಎಲ್ಲರಿಗೂ ಅಲ್ಲ ಅಣ್ಣ. ಕಾಗದ ಬರೆದುಕೊಟ್ಟವನನ್ನು ನೋಡಿ. 5 ವರ್ಷಕ್ಕೆ 1 ಲಕ್ಷ ಕೊಡಬೇಕಾದವನು 8% ಇದ್ದಾಗ ಇವತ್ತು 68,058 ತೆಗೆದಿಡಬೇಕು, 12% ಇದ್ದಾಗ 56,743 ಸಾಕು. ಅವನಿಗೆ ಹಗುರ. ತಗೊಳ್ಳುವವನ ಕಾಗದದ ಬೆಲೆ ಎಷ್ಟು ಇಳಿಯಿತೋ ಕೊಡುವವನ ಹೊರೆಯೂ ಅಷ್ಟೇ ಇಳಿಯಿತು.

ರೈಲ್ವೆ_ನಿವೃತ್ತ

ತಮ್ಮ ಹೇಳಿದ ಮಾತು ನನಗೆ ನಾಟಿತು. ನಾನು ಇಲ್ಲೇ ಹುಬ್ಬಳ್ಳಿಯಲ್ಲಿ ರೈಲ್ವೆಯಿಂದ 60ಕ್ಕೆ ನಿವೃತ್ತನಾದವನು. ಪೆನ್ಶನ್‌ನ ಒಂದು ಭಾಗ ಬಿಟ್ಟುಕೊಟ್ಟು ಒಟ್ಟಿಗೇ ದುಡ್ಡು ತಗೊಳ್ಳುವ ಕಮ್ಯುಟೇಶನ್ ಲೆಕ್ಕ ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ. ಬೇಸಿಕ್ ಪೆನ್ಶನ್ 30,000 ಇತ್ತು. 40% ಅಂದರೆ 12,000 ಮಾರಿದೆ. ಟೇಬಲ್‌ನಲ್ಲಿ ನನ್ನ ವಯಸ್ಸಿಗೆ 8.194. 12,000ಕ್ಕೆ 12, ಅದಕ್ಕೆ 8.194 ಗುಣಿಸಿ 11,79,936 ಕೈಗೆ ಕೊಟ್ಟರು. ತಿಂಗಳಿಗೆ 12,000ದಂತೆ 15 ವರ್ಷ ಕಡಿತ. ಕೂಡಿಸಿದರೆ 21,60,000! ಕೊಟ್ಟದ್ದು ಹನ್ನೆರಡು ಲಕ್ಷದ ಒಳಗೆ, ಹಿಡಿಯೋದು ಇಪ್ಪತ್ತೊಂದೂವರೆ ಲಕ್ಷ. ಇದು ನ್ಯಾಯವಾ ನೀವೇ ಹೇಳಿ.

ಸಪ್ತಾಪುರ_ಕೋಚಿಂಗ್

ಕಾಕಾ, 15 ವರ್ಷದ 12,000ಗಳನ್ನು ನೇರವಾಗಿ ಕೂಡಿಸಿದರೆ ದರ ಸೊನ್ನೆ ಅಂತ ಹಿಡಿದ ಹಾಗಾಯಿತು. ಹಾಗೆ ಕೂಡಿಸಬಾರದು.

ಸಿಎ_ಧಾರವಾಡ

ಕಾಕಾ, ಕೋಚಿಂಗ್‌ನವರು ಸರಿಯಾಗಿ ಹೇಳಿದರು. ನಿಮ್ಮ ಟೇಬಲ್ 8% ಬಡ್ಡಿ ಹಿಡಿದು ಮಾಡಿದ್ದು. ಅದರಲ್ಲಿ ಸಾವಿನ ಲೆಕ್ಕವೂ ಸೇರಿದೆ, ಹಾಗಾಗಿ ನೇರ ಲೆಕ್ಕಕ್ಕೆ ಅದು ಪೂರ್ತಿ ಹೊಂದೋದಿಲ್ಲ. ನೇರ ಲೆಕ್ಕ ಎಕ್ಸೆಲ್‌ನಲ್ಲಿ ಹೀಗೆ ಹಾಕಿ ನೋಡಿ:

```
=PV(8%/12,180,-12000)
=PV(6%/12,180,-12000)
```

ಮೊದಲನೆಯದಕ್ಕೆ ಸುಮಾರು 12.56 ಲಕ್ಷ ಬರುತ್ತೆ, ಎರಡನೆಯದಕ್ಕೆ ಸುಮಾರು 14.22 ಲಕ್ಷ. ತಿಂಗಳಿಗೆ 12,000, 180 ತಿಂಗಳು, ಎರಡರಲ್ಲೂ ಒಂದೇ. ದರ 8ರಿಂದ 6ಕ್ಕೆ ಇಳಿದಾಗ ನೀವು ಬಿಟ್ಟುಕೊಡುವ ಪೆನ್ಶನ್‌ನ ಬೆಲೆ ಸುಮಾರು 1.66 ಲಕ್ಷ ಏರಿತು. ಅಂದರೆ ನಿಮ್ಮ ತಕರಾರು 21.60 ಲಕ್ಷದ ಬಗ್ಗೆ ಇರಬಾರದು, 8% ಬಗ್ಗೆ ಇರಬೇಕು. ಬಡ್ಡಿ ಕಡಿಮೆ ಇರುವಾಗಲೂ 8% ಹಿಡಿದರೆ ಕೊಡುವ ಸರ್ಕಾರಕ್ಕೆ ಹಗುರ, ಮಾರುವ ನಿಮಗೆ ಕಡಿಮೆ.

ಇನ್ನೊಂದು ಮಾತು. ನಡುವೆ ಪೆನ್ಶನ್‌ದಾರರು ತೀರಿಕೊಂಡರೆ ಉಳಿದ ಕಡಿತವನ್ನು ಫ್ಯಾಮಿಲಿ ಪೆನ್ಶನ್‌ನಿಂದ ಹಿಡಿಯೋದಿಲ್ಲ. ಅದಕ್ಕೂ ಒಂದು ಬೆಲೆ ಇದೆ. ಮೇಲಿನ ನೇರ ಲೆಕ್ಕದಲ್ಲಿ ಅದು ಬಂದಿಲ್ಲ.

ರೈಲ್ವೆ_ನಿವೃತ್ತ

ಅಂದರೆ ಯಾವ ದರ ಹಿಡಿದು ನೋಡಬೇಕಪ್ಪ ನಾನು? 8ರಾ 6ರಾ?

ಹುಬ್ಬಳ್ಳಿ_ಟೀಚರ್

ಕಾಕಾ, ಆ ದುಡ್ಡನ್ನು ಏನು ಮಾಡಿದಿರಿ? ಅದರ ಮೇಲೆ ನಿಮ್ಮ ದರ ನಿಂತಿದೆ.

ರೈಲ್ವೆ_ನಿವೃತ್ತ

ಕೇಶ್ವಾಪುರದ ಮನೆ ಸಾಲ ಬಾಕಿ ಇತ್ತು. 9.5% ಇತ್ತು. ಅಷ್ಟನ್ನೂ ಅದಕ್ಕೇ ಕಟ್ಟಿ ಮುಗಿಸಿದೆ.

ಹುಬ್ಬಳ್ಳಿ_ಟೀಚರ್

ಹಾಗಾದರೆ ನಿಮ್ಮ ದರ 9.5%. ಸಿಎ ಸರ್ ಕೊಟ್ಟ ಸಾಲಿನಲ್ಲಿ 8ರ ಜಾಗದಲ್ಲಿ 9.5 ಹಾಕಿದೆ. ಸುಮಾರು 11.49 ಲಕ್ಷ ಬಂತು. ನಿಮಗೆ ಕೊಟ್ಟದ್ದು 11.80 ಲಕ್ಷ. ನಿಮ್ಮ ಮಟ್ಟಿಗೆ ನೀವು ಬಿಟ್ಟುಕೊಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂದಿದೆ ಕಾಕಾ. ಸಾಲದ ಬಡ್ಡಿ ಉಳಿದದ್ದೇ ನಿಮ್ಮ ಗಳಿಕೆ.

ರೈಲ್ವೆ_ನಿವೃತ್ತ

ಹೌದಾ? ಇಷ್ಟು ದಿನ ಮೋಸ ಹೋದೆ ಅಂತಲೇ ಅಂದುಕೊಂಡಿದ್ದೆ. ಆದರೆ ನನ್ನ ಜೊತೆಗೇ ನಿವೃತ್ತನಾದ ಗೆಳೆಯ ಇದ್ದಾನೆ. ಅವನಿಗೆ ಸಾಲ ಇರಲಿಲ್ಲ, ಎಲ್ಲ ಎಫ್‌ಡಿಗೆ ಹಾಕಿದ. ಅವನಿಗೆ 6.5% ಸಿಕ್ಕಿತು.

ಸಿಎ_ಧಾರವಾಡ

ಪೆನ್ಶನ್ ನಿಮ್ಮಷ್ಟೇ ಇದ್ದರೆ, 6.5%ಗೆ ಸುಮಾರು 13.78 ಲಕ್ಷ ಬರುತ್ತೆ. ಅವರು ಅಷ್ಟು ಬೆಲೆಯದನ್ನು 11.80ಕ್ಕೆ ಮಾರಿದ ಹಾಗಾಯಿತು. ತೀರಿಕೊಂಡರೆ ಕಡಿತ ನಿಲ್ಲುವ ಅನುಕೂಲಕ್ಕೆ ಸ್ವಲ್ಪ ಕಳೆದರೂ ಅವರಿಗೆ ಮಾರದೇ ಇದ್ದರೆ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ.

ವಿದ್ಯಾನಗರ_ಅಕ್ಕ

ನಾನು ಒಪ್ಪಲ್ಲ ಸರ್. ಕಾಕಾನ ಗೆಳೆಯರಿಗೆ ಕೈಯಲ್ಲಿ ಹನ್ನೆರಡು ಲಕ್ಷ ಇತ್ತು. ಆಸ್ಪತ್ರೆ, ಮಗಳ ಮದುವೆ ಅಂತ ಬಂದರೆ ತಿಂಗಳ 12,000 ಇಟ್ಟುಕೊಂಡು ಏನು ಮಾಡೋದು? ಅದಕ್ಕೆ ಎಷ್ಟು ಶೇಕಡಾ ಹಾಕ್ತೀರಿ?

ಸಿಎ_ಧಾರವಾಡ

ಆಗ ಎಫ್‌ಡಿ ದರ ಬಿಟ್ಟು, ಆ ಹೊತ್ತಿನಲ್ಲಿ ಸಾಲ ಮಾಡಿದರೆ ಎಷ್ಟು ಬಡ್ಡಿ ಕೊಡಬೇಕಾಗುತ್ತಿತ್ತೋ ಅದನ್ನು ಹಾಕಬೇಕು ಅಕ್ಕ. ಪರ್ಸನಲ್ ಲೋನ್ ದರ ಹಾಕಿದರೆ ನಿಮ್ಮ ಮಾತೇ ಗೆಲ್ಲುತ್ತೆ.

ಗದಗ_ಬಿಕಾಂ_ಹುಡುಗಿ

ಮೇಡಂ, ಕಾಕಾನ ಲೆಕ್ಕವನ್ನು ನಾಳೆ ನಮ್ಮ ಕ್ಲಾಸಿನಲ್ಲಿ ಹಾಕಿಸಬಹುದಾ? ಹೆಸರು ಹೇಳಲ್ಲ. 6.5, 8, 9.5 ಮೂರೂ ಮಾಡಿಸ್ತೀನಿ.

ರೈಲ್ವೆ_ನಿವೃತ್ತ

ಹಾಕಿಸವ್ವ. 6 ಕೂಡ ಮಾಡಿಸು, ನಮ್ಮ ಸಂಘದವರು ಅದನ್ನೇ ಕೇಳುತ್ತಾರೆ.